ಸೂತ್ರಕ್ಕಿಂತ ಮೊದಲು ಗೆರೆ: ಹಣದ ಕಾಲಮೌಲ್ಯದ ಲೆಕ್ಕದಲ್ಲಿ ಕಾಲರೇಖೆಯನ್ನು ಎಳೆಯುವ ಬಗೆ

(ಹಣಕಾಸು ಗಣಿತವನ್ನು ಈಗಷ್ಟೇ ಕಲಿಯಲು ಆರಂಭಿಸಿದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಹಣದ ಕಾಲಮೌಲ್ಯದ ಮೇಲಿನ ವಾಕ್ಯರೂಪದ ಲೆಕ್ಕವೊಂದನ್ನು ಕೊಟ್ಟಾಗ ಹೊಸಬರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಸೂತ್ರಗಳ ಪಟ್ಟಿಯನ್ನು ತೆರೆದು, ಪ್ರಶ್ನೆಯಲ್ಲಿರುವ ಯಾವ ಸಂಖ್ಯೆಯನ್ನು ಯಾವ ಅಕ್ಷರದ ಜಾಗಕ್ಕೆ ಹಾಕಬೇಕೆಂದು ಹುಡುಕುವುದು. ಹೀಗೆ ಮಾಡಿದಾಗ ಉತ್ತರವೇನೋ ಬರುತ್ತದೆ. ಆದರೆ ಬಂದ ಉತ್ತರವು ಯಾವ ದಿನಕ್ಕೆ ಸೇರಿದ ಮೊತ್ತ ಎಂಬುದು ಬರೆದವರಿಗೂ ತಿಳಿದಿರುವುದಿಲ್ಲ. ನಾನು ಇಂದು ಹೇಳಹೊರಟಿರುವುದು ಒಂದೇ ವಿಷಯ. ಈ ಕ್ಷೇತ್ರದ ಪ್ರತಿಯೊಂದು ಸೂತ್ರವೂ ಹಣವನ್ನು ಕಾಲದ ಒಂದು ನಿರ್ದಿಷ್ಟ ಬಿಂದುವಿಗೆ ತಂದು ನಿಲ್ಲಿಸುತ್ತದೆ, ಮತ್ತು ಆ ಬಿಂದು ಯಾವುದೆಂದು ತಿಳಿಯದೆ ಸೂತ್ರವನ್ನು ಆಯ್ಕೆ ಮಾಡಲು ಬರುವುದಿಲ್ಲ. ಕಾಲರೇಖೆಯನ್ನು ಎಳೆಯುವುದು ಆ ಬಿಂದುವನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕಾಗಿ. ಚಕ್ರಬಡ್ಡಿಯ ಲೆಕ್ಕ ನಿಮಗೆ ಗೊತ್ತಿದೆ ಎಂದು ಭಾವಿಸಿ ಮುಂದುವರಿಯುತ್ತೇನೆ.

ಲೆಕ್ಕ ಇದು. ಒಬ್ಬ ವ್ಯಕ್ತಿ ಇಂದು ಒಂದು ಮೊತ್ತವನ್ನು ಠೇವಣಿ ಇಡುತ್ತಾರೆ. ಇಂದಿನಿಂದ 4 ವರ್ಷ ಕಳೆದ ದಿನ ಮೊದಲ ಸಲ 50,000 ರೂಪಾಯಿಯನ್ನು ಹಿಂದೆ ಪಡೆಯುತ್ತಾರೆ, ಆ ಬಳಿಕ ವರ್ಷಕ್ಕೊಮ್ಮೆ ಅಷ್ಟೇ ಮೊತ್ತವನ್ನು ಪಡೆಯುತ್ತಾ ಹೋಗಿ ಒಟ್ಟು 5 ಸಲ ಪಡೆಯುತ್ತಾರೆ. ಐದನೆಯ ಸಲ ಪಡೆದಾಗ ಖಾತೆಯಲ್ಲಿ ಏನೂ ಉಳಿಯಬಾರದು. ಬಡ್ಡಿ ವರ್ಷಕ್ಕೆ ಶೇಕಡಾ 8, ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ. ಹಾಗಾದರೆ ಇಂದು ಎಷ್ಟು ಇಡಬೇಕು?

ಸೂತ್ರವನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಅಡ್ಡಗೆರೆಯನ್ನು ಎಳೆಯೋಣ. ಎಡತುದಿಗೆ 0 ಎಂದು ಬರೆಯುತ್ತೇವೆ. ಅದು ಇಂದು, ಅಂದರೆ ಪ್ರಶ್ನೆಯು ಯಾವ ಕ್ಷಣದಲ್ಲಿ ನಿಂತು ಮಾತನಾಡುತ್ತಿದೆಯೋ ಆ ಕ್ಷಣ. ಅಲ್ಲಿಂದ ಬಲಕ್ಕೆ ಸಮಾನ ದೂರದಲ್ಲಿ ಗುರುತುಗಳನ್ನು ಹಾಕಿ 1, 2, 3 ಎಂದು ಬರೆಯುತ್ತಾ ಹೋಗುತ್ತೇವೆ. ಪಡೆಯುವ ಮೊತ್ತಗಳನ್ನು ಅವು ಬರುವ ಗುರುತಿನ ಕೆಳಗೆ ಬರೆದು, ಗೊತ್ತಿಲ್ಲದ ಮೊತ್ತದ ಜಾಗದಲ್ಲಿ ಪ್ರಶ್ನೆಯ ಚಿಹ್ನೆಯನ್ನು ಇಡುತ್ತೇವೆ. ಚಿತ್ರದಲ್ಲಿ ಮೊತ್ತಗಳನ್ನು ಸಾವಿರಗಳಲ್ಲಿ ಬರೆದಿದ್ದೇನೆ.

```
0     1     2     3     4     5     6     7     8
|-----|-----|-----|-----|-----|-----|-----|-----|
?                       50    50    50    50    50
```

ಇಲ್ಲಿ ಗುರುತು ಎಂದರೆ ಒಂದು ಕ್ಷಣ, ಎರಡು ಗುರುತುಗಳ ನಡುವಿನ ಜಾಗ ಎಂದರೆ ಒಂದು ವರ್ಷ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ಹಣವು ಬರುವುದೂ ಹೋಗುವುದೂ ಕ್ಷಣದಲ್ಲಿ, ಬಡ್ಡಿ ಬೆಳೆಯುವುದು ಮಾತ್ರ ನಡುವಿನ ಜಾಗದಲ್ಲಿ. 4ರಿಂದ 8ರವರೆಗೆ ಗುರುತುಗಳು ಐದಿವೆ, ಆದರೆ ಅವುಗಳ ನಡುವಿನ ವರ್ಷಗಳು ನಾಲ್ಕೇ; ಕೈಯ ಐದು ಬೆರಳುಗಳ ನಡುವೆ ಸಂದುಗಳು ನಾಲ್ಕೇ ಇರುವ ಹಾಗೆ. ಕಂತುಗಳನ್ನು ಎಣಿಸುವಾಗ ಗುರುತುಗಳನ್ನು ಎಣಿಸಬೇಕು, ಬಡ್ಡಿಯ ಅವಧಿಯನ್ನು ಎಣಿಸುವಾಗ ಜಾಗಗಳನ್ನು ಎಣಿಸಬೇಕು. ಇವೆರಡೂ ಅದಲು ಬದಲಾದ ಲೆಕ್ಕದಲ್ಲಿ ಒಂದು ಕಂತೋ ಒಂದು ವರ್ಷದ ಬಡ್ಡಿಯೋ ಹೆಚ್ಚು ಕಡಿಮೆಯಾಗಿ ಉತ್ತರವು ತಪ್ಪುತ್ತದೆ.

ಪ್ರಶ್ನೆಯ ಭಾಷೆಯನ್ನು ಗೆರೆಯ ಮೇಲೆ ಇಳಿಸುವಾಗ ಎಚ್ಚರಿಕೆ ಬೇಕಾದ ಜಾಗವೂ ಇದೇ. ‘ನಾಲ್ಕನೆಯ ವರ್ಷದ ಕೊನೆಗೆ’ ಎಂದರೆ 4ರ ಗುರುತು. ‘ನಾಲ್ಕನೆಯ ವರ್ಷದ ಆರಂಭದಲ್ಲಿ’ ಎಂದರೆ 3ರ ಗುರುತು, ಏಕೆಂದರೆ ನಾಲ್ಕನೆಯ ವರ್ಷವು 3 ಮತ್ತು 4ರ ನಡುವಿನ ಜಾಗ, ಅದು ಆರಂಭವಾಗುವುದು 3ರಲ್ಲಿ. ಮೂರನೆಯ ವರ್ಷದ ಕೊನೆಯೂ ನಾಲ್ಕನೆಯ ವರ್ಷದ ಆರಂಭವೂ ಒಂದೇ ಬಿಂದು ಎಂಬುದನ್ನು ಬಾಯಲ್ಲಿ ಹೇಳಿದಾಗ ಅನುಮಾನ ಬರಬಹುದು, ಗೆರೆಯನ್ನು ನೋಡಿದಾಗ ಬರುವುದಿಲ್ಲ. ಇನ್ನು ‘ನಾಲ್ಕು ವರ್ಷಗಳ ನಂತರ ಆರಂಭಿಸಿ ಪ್ರತಿ ವರ್ಷದ ಕೊನೆಗೆ’ ಎಂಬಂಥ ವಾಕ್ಯವು ಎರಡು ಅರ್ಥಕ್ಕೆ ಎಡೆ ಕೊಡುತ್ತದೆ: ಮೊದಲ ಕಂತು 4ರಲ್ಲಿಯೇ ಬರುತ್ತದೆ ಎಂದು ಒಬ್ಬರು ಓದಬಹುದು, ಕಂತಿನ ಮೊದಲ ವರ್ಷ 4ರಲ್ಲಿ ಶುರುವಾಗಿ ಅದರ ಕೊನೆಗೆ, ಅಂದರೆ 5ರಲ್ಲಿ, ಹಣ ಬರುತ್ತದೆ ಎಂದು ಇನ್ನೊಬ್ಬರು ಓದಬಹುದು. ಅಂಥ ವಾಕ್ಯ ಎದುರಾದರೆ ನೀವು ಹೇಗೆ ಓದಿದ್ದೀರಿ ಎಂಬುದನ್ನು ಗೆರೆಯ ಮೂಲಕವೇ ತೋರಿಸಿಬಿಡಿ. ಉತ್ತರವನ್ನು ಪರಿಶೀಲಿಸುವವರಿಗೆ ನಿಮ್ಮ ಓದು ಆಗ ಸ್ಪಷ್ಟವಾಗುತ್ತದೆ.

ಈಗ ಸೂತ್ರಗಳಿಗೆ ಬರೋಣ. ಆರಂಭದ ಹಂತದ ಲೆಕ್ಕಗಳಿಗೆ ಮೂರು ಸಾಕು. ಅವುಗಳಲ್ಲಿ PV ಎಂದರೆ ಇಂದಿನ ಮೌಲ್ಯ, FV ಎಂದರೆ ಮುಂದಿನ ಮೌಲ್ಯ ಎಂದು ಕರೆಯುವುದು ವಾಡಿಕೆ; r ಎಂಬುದು ಗೆರೆಯ ಒಂದು ಜಾಗದ ಬಡ್ಡಿಯ ದರ.

```
FV = PV × (1 + r)^n
PV = C × [1 - (1 + r)^(-n)] / r
FV = C × [(1 + r)^n - 1] / r
```

ಮೊದಲನೆಯದು ಒಂಟಿ ಮೊತ್ತಕ್ಕೆ. ಒಂದು ಹಣವನ್ನು ಗೆರೆಯ ಮೇಲೆ ಬಲಕ್ಕೆ ಸರಿಸಬೇಕಾದರೆ ದಾಟುವ ಪ್ರತಿ ಜಾಗಕ್ಕೆ ಒಂದು ಸಲ (1 + r) ಇಂದ ಗುಣಿಸುತ್ತೇವೆ, ಎಡಕ್ಕೆ ಸರಿಸಬೇಕಾದರೆ ಅಷ್ಟೇ ಸಲ ಭಾಗಿಸುತ್ತೇವೆ. ಇಲ್ಲಿ n ಎಂಬುದು ಜಾಗಗಳ ಸಂಖ್ಯೆ. ಎರಡನೆಯದು ಮತ್ತು ಮೂರನೆಯದು ಸಮಾನ ಅಂತರದಲ್ಲಿ ಬರುವ ಸಮಾನ ಕಂತುಗಳ ಸಾಲಿಗೆ, ಅಂದರೆ ಆನ್ಯುಯಿಟಿಗೆ ಸೇರಿದವು. ಅವುಗಳಲ್ಲಿ C ಎಂಬುದು ಒಂದು ಕಂತಿನ ಮೊತ್ತ, n ಎಂಬುದು ಕಂತುಗಳ ಸಂಖ್ಯೆ, ಅಂದರೆ ಗುರುತುಗಳ ಸಂಖ್ಯೆ. ಒಂದೇ ಅಕ್ಷರವು ಒಂದು ಸೂತ್ರದಲ್ಲಿ ಜಾಗವನ್ನೂ ಇನ್ನೊಂದರಲ್ಲಿ ಗುರುತನ್ನೂ ಎಣಿಸುತ್ತದೆ ಎಂಬುದು ಹೊಸಬರಿಗೆ ನಿಜವಾಗಿಯೂ ತೊಡಕಿನ ಸಂಗತಿ, ಅದನ್ನು ಬೋಧಿಸುವವರು ಮೊದಲೇ ಬಿಡಿಸಿ ಹೇಳಬೇಕು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಸೂತ್ರದಲ್ಲಿ PV ಎಂದು ಬರೆದಿರುವುದರಿಂದ ಅದು ಯಾವಾಗಲೂ ‘ಇಂದಿನ ಮೌಲ್ಯ’ವನ್ನೇ ಕೊಡುತ್ತದೆ ಎಂದು ಅನೇಕರು ನಂಬುತ್ತಾರೆ. ಅದು ಕೊಡುವುದು ಇಂದಿನ ಮೌಲ್ಯವನ್ನಲ್ಲ, ಮೊದಲ ಕಂತಿಗಿಂತ ಒಂದು ಗುರುತು ಹಿಂದಿನ ಮೌಲ್ಯವನ್ನು. ಕಾರಣವು ಸೂತ್ರದ ಹುಟ್ಟಿನಲ್ಲಿಯೇ ಇದೆ. ಆ ಸೂತ್ರವು ಈ ಕೆಳಗಿನ ಕೂಡಿಕೆಯ ಸಂಕ್ಷಿಪ್ತ ರೂಪ:

```
C/(1 + r) + C/(1 + r)^2 + C/(1 + r)^3 + ... + C/(1 + r)^n
```

ಮೊದಲ ಪದವನ್ನು ನೋಡಿ. ಮೊದಲ ಕಂತನ್ನು ಇಲ್ಲಿ ಒಂದು ಸಲ ಭಾಗಿಸಲಾಗಿದೆ, ಅಂದರೆ ಅದನ್ನು ಎಡಕ್ಕೆ ಒಂದು ಜಾಗ ಸರಿಸಲಾಗಿದೆ. ಎರಡನೆಯ ಕಂತನ್ನು ಎರಡು ಜಾಗ, ಮೂರನೆಯದನ್ನು ಮೂರು ಜಾಗ ಸರಿಸಿ, ಎಲ್ಲವನ್ನೂ ಒಂದೇ ಬಿಂದುವಿಗೆ ತರಲಾಗಿದೆ. ಆ ಬಿಂದುವು ಮೊದಲ ಕಂತಿನ ಬಿಂದುವಾಗಿರಲು ಸಾಧ್ಯವಿಲ್ಲ. ಹಾಗಿದ್ದಿದ್ದರೆ ಮೊದಲ ಪದವು ಭಾಗಾಕಾರವಿಲ್ಲದೆ ಬರಿಯ C ಆಗಿರುತ್ತಿತ್ತು. ಮೊದಲ ಕಂತು 1ರಲ್ಲಿ ಇದ್ದರೆ ಮಾತ್ರ ಈ ಬಿಂದುವು 0 ಆಗುತ್ತದೆ. ಸರಳವಾದ ಲೆಕ್ಕಗಳಲ್ಲೆಲ್ಲ ಮೊದಲ ಕಂತು 1ರಲ್ಲಿಯೇ ಇರುವುದರಿಂದ, ಸೂತ್ರವೇ ಇಂದಿಗೆ ತಂದು ನಿಲ್ಲಿಸುತ್ತದೆ ಎಂಬ ಭ್ರಮೆ ಬೆಳೆದುಬಿಡುತ್ತದೆ.

ಮೂರನೆಯ ಸೂತ್ರವನ್ನೂ ಹೀಗೆಯೇ ಬಿಡಿಸಿದರೆ ಅದರ ಕೊನೆಯ ಕಂತಿಗೆ ಬಡ್ಡಿಯೇ ಸೇರಿಲ್ಲ ಎಂಬುದು ಕಾಣುತ್ತದೆ. ಆದ್ದರಿಂದ ಅದು ಹಣವನ್ನು ಕೊನೆಯ ಕಂತಿನ ಬಿಂದುವಿನಲ್ಲಿಯೇ, ಆ ಕಂತು ಸೇರಿದ ಮರುಕ್ಷಣದಲ್ಲಿ, ತಂದು ನಿಲ್ಲಿಸುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ಲೆಕ್ಕಕ್ಕೆ ಸೂತ್ರವನ್ನು ಆಯ್ಕೆ ಮಾಡುವುದು ಕಷ್ಟವಲ್ಲ. ಗೆರೆಯ ಮೇಲೆ ಐದು ಸಮಾನ ಮೊತ್ತಗಳು ಸಮಾನ ಅಂತರದಲ್ಲಿವೆ, ನಮಗೆ ಬೇಕಾಗಿರುವುದು ಅವುಗಳಿಗಿಂತ ಹಿಂದಿನ ಒಂದು ಬಿಂದುವಿನ ಮೌಲ್ಯ. ಆದ್ದರಿಂದ ಎರಡನೆಯ ಸೂತ್ರ. ಕಂತುಗಳು 5, ಬಡ್ಡಿಯ ದರ 0.08. ಆವರಣದ ಭಾಗವನ್ನು r ಇಂದ ಭಾಗಿಸಿದರೆ 3.99271 ಬರುತ್ತದೆ, 50,000ದಿಂದ ಗುಣಿಸಿದರೆ ಸುಮಾರು 1,99,635.50 ರೂಪಾಯಿ. ಈಗ ಪೆನ್ಸಿಲ್ಲನ್ನು ಗೆರೆಯ ಮೇಲಿಟ್ಟು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಹಣ ಎಲ್ಲಿ ನಿಂತಿದೆ ಎಂಬುದು. ಮೊದಲ ಕಂತು 4ರಲ್ಲಿದೆ, ಆದ್ದರಿಂದ ಇದು ನಿಂತಿರುವುದು 3ರಲ್ಲಿ. ಆ ಅಂಕಿಯನ್ನು ಗೆರೆಯ ಮೇಲ್ಭಾಗದಲ್ಲಿ 3ರ ನೇರಕ್ಕೆ ಬರೆದುಬಿಡಿ.

```
                  1,99,635.50
                  |
0     1     2     3     4     5     6     7     8
|-----|-----|-----|-----|-----|-----|-----|-----|
?                       50    50    50    50    50
```

ಐದು ಕಂತುಗಳು ಈಗ ಒಂದೇ ಮೊತ್ತವಾಗಿವೆ, ಆ ಮೊತ್ತವನ್ನು 3ರಿಂದ 0ಗೆ ತರಬೇಕು. ನಡುವೆ ಇರುವ ಜಾಗಗಳು ಮೂರು. ಒಂಟಿ ಮೊತ್ತದ ಸೂತ್ರದಂತೆ 1.08ರ ಮೂರನೆಯ ಘಾತವಾದ 1.259712ರಿಂದ ಭಾಗಿಸಿದರೆ ಸುಮಾರು 1,58,477 ರೂಪಾಯಿ ಬರುತ್ತದೆ. ಇಂದು ಇಡಬೇಕಾದ ಹಣ ಅಷ್ಟು.

ಈ ಬಗೆಯ ಲೆಕ್ಕದಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಎಂದರೆ, ಮೊದಲ ಕಂತು 4ರಲ್ಲಿ ಇರುವುದರಿಂದ ನಾಲ್ಕು ವರ್ಷ ಹಿಂದಕ್ಕೆ ತರಬೇಕು ಎಂದು ತಿಳಿದು 1.08ರ ನಾಲ್ಕನೆಯ ಘಾತದಿಂದ ಭಾಗಿಸುವುದು. ಆಗ ಉತ್ತರ ಸುಮಾರು 1,46,738 ಆಗುತ್ತದೆ. ಎರಡೂ ಉತ್ತರಗಳು ನೋಡಲು ನಂಬುವಂತಿವೆ. ಸಂಖ್ಯೆಯ ಗಾತ್ರದಿಂದ ಯಾವುದು ತಪ್ಪೆಂದು ಹೇಳಲು ಬರುವುದಿಲ್ಲ. ಆದರೆ ಗೆರೆಯ ಮೇಲೆ ಎಡದಿಂದ ಬಲಕ್ಕೆ ನಡೆದುಕೊಂಡು ಹೋದರೆ ತಪ್ಪು ತಾನಾಗಿ ಹೊರಬೀಳುತ್ತದೆ. ಮೊದಲು ನಮ್ಮ ಉತ್ತರವನ್ನು ಪರೀಕ್ಷಿಸೋಣ. 0ಯಲ್ಲಿ ಇಟ್ಟ 1,58,477 ರೂಪಾಯಿ 4ರ ಹೊತ್ತಿಗೆ ಸುಮಾರು 2,15,606 ಆಗಿರುತ್ತದೆ. ಅದರಿಂದ 50,000 ತೆಗೆದರೆ ಉಳಿಯುವುದು 1,65,606. ಒಂದು ವರ್ಷದ ಬಡ್ಡಿ ಸೇರಿ 5ರಲ್ಲಿ ಅದು 1,78,855 ಆಗುತ್ತದೆ, ಕಂತು ತೆಗೆದ ಮೇಲೆ 1,28,855. ಇದೇ ರೀತಿ ಮುಂದುವರಿದರೆ 6ರಲ್ಲಿ ಕಂತಿನ ನಂತರ 89,163, 7ರಲ್ಲಿ 46,296 ಉಳಿಯುತ್ತದೆ. ಆ 46,296ಕ್ಕೆ ಶೇಕಡಾ 8ರ ಬಡ್ಡಿ ಸೇರಿದರೆ 8ರ ಬಿಂದುವಿನಲ್ಲಿ 50,000. ಕೊನೆಯ ಕಂತು ತೆಗೆದರೆ ಖಾತೆ ಬರಿದು. ಪ್ರಶ್ನೆ ಕೇಳಿದ್ದೂ ಅದನ್ನೇ. ತಪ್ಪು ಉತ್ತರವಾದ 1,46,738ರಿಂದ ಇದೇ ನಡಿಗೆಯನ್ನು ಆರಂಭಿಸಿದರೆ, ಕೊನೆಯ ಬಿಂದುವನ್ನು ಮುಟ್ಟುವಾಗ ಖಾತೆಯಲ್ಲಿ ಕೇವಲ 28,272 ಇರುತ್ತದೆ, ಐದನೆಯ ಕಂತಿಗೆ 21,728 ರೂಪಾಯಿ ಸಾಲದೆ ಹೋಗುತ್ತದೆ. ಕಂತುಗಳು ಹತ್ತರೊಳಗೆ ಇದ್ದಾಗ ಈ ಪರೀಕ್ಷೆಯನ್ನು ಮಾಡಿಯೇ ತೀರಬೇಕು. ಸೂತ್ರವನ್ನು ಬಳಸದೆ ಸೂತ್ರದ ಉತ್ತರವನ್ನು ಒರೆಗೆ ಹಚ್ಚುವ ದಾರಿ ಇದು.

ಕಂತುಗಳು ಅವಧಿಯ ಆರಂಭದಲ್ಲಿ ಬರುತ್ತವೆ ಎಂದಾಗ ಬಳಸಲು ಬೇರೆಯ ಸೂತ್ರವೊಂದಿದೆ, ಎರಡನೆಯ ಸೂತ್ರವನ್ನು (1 + r) ಇಂದ ಗುಣಿಸಿದರೆ ಅದು ದೊರೆಯುತ್ತದೆ. ಅದು ಹಣವನ್ನು ಮೊದಲ ಕಂತಿನ ಬಿಂದುವಿನಲ್ಲಿಯೇ ತಂದು ನಿಲ್ಲಿಸುತ್ತದೆ. ನಮ್ಮ ಲೆಕ್ಕವನ್ನು ಅದರಿಂದಲೂ ಬಿಡಿಸಬಹುದು: 4ರಲ್ಲಿ 2,15,606 ಬರುತ್ತದೆ, ನಾಲ್ಕು ಜಾಗ ಹಿಂದಕ್ಕೆ ತಂದರೆ ಮತ್ತೆ 1,58,477. ‘ಇದು ಅವಧಿಯ ಕೊನೆಯ ಕಂತೋ ಆರಂಭದ ಕಂತೋ’ ಎಂದು ತಲೆ ಕೆಡಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಯಾವ ಸೂತ್ರವನ್ನಾದರೂ ಬಳಸಿ, ಆದರೆ ಅದು ಎಲ್ಲಿ ನಿಲ್ಲಿಸುತ್ತದೆ ಎಂಬುದನ್ನು ಗೆರೆಯ ಮೇಲೆ ಗುರುತಿಸಿ.

ಅದೇ ಲೆಕ್ಕವನ್ನು ತುಸು ಬದಲಾಯಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ವ್ಯಕ್ತಿಯ ಬಳಿ ಇಂದು ಅಷ್ಟು ದೊಡ್ಡ ಮೊತ್ತವಿಲ್ಲ, ಆದ್ದರಿಂದ ಇಂದಿನಿಂದ ಆರಂಭಿಸಿ ವರ್ಷಕ್ಕೊಮ್ಮೆ ಸಮಾನವಾಗಿ ನಾಲ್ಕು ಸಲ ಹಣ ಕಟ್ಟುತ್ತಾರೆ ಎಂದಿಟ್ಟುಕೊಳ್ಳೋಣ. ಪ್ರತಿ ಸಲ ಎಷ್ಟು ಕಟ್ಟಬೇಕು? ಕಟ್ಟುವ ಮೊತ್ತವನ್ನು D ಎಂದು ಕರೆದು ಗೆರೆಯ ಮೇಲ್ಭಾಗದಲ್ಲಿ ಬರೆಯೋಣ, ಪಡೆಯುವುದು ಕೆಳಗೇ ಇರಲಿ.

```
D     D     D     D
0     1     2     3     4     5     6     7     8
|-----|-----|-----|-----|-----|-----|-----|-----|
                        50    50    50    50    50
```

ಮೇಲಿನ ಸಾಲಿನ ಮೊತ್ತಗಳೂ ಕೆಳಗಿನ ಸಾಲಿನ ಮೊತ್ತಗಳೂ ಒಂದೇ ಬಿಂದುವಿನಲ್ಲಿ ಸಮವಾಗಬೇಕು. ಬಿಂದು ಯಾವುದಾದರೂ ಆಗಬಹುದು, ಬಡ್ಡಿಯ ದರ ಒಂದೇ ಆಗಿರುವವರೆಗೂ ಉತ್ತರ ಬದಲಾಗುವುದಿಲ್ಲ. ಆದರೆ ಈ ಗೆರೆಯಲ್ಲಿ 3ರ ಬಿಂದುವನ್ನು ಆರಿಸಿಕೊಂಡರೆ ಕೆಲಸ ಬಹಳ ಹಗುರ. ಕೆಳಗಿನ ಸಾಲಿನ ಮೌಲ್ಯ 3ರಲ್ಲಿ 1,99,635.50 ಎಂದು ಈಗಾಗಲೇ ನಮಗೆ ಗೊತ್ತು. ಮೇಲಿನ ಸಾಲಿನ ಕೊನೆಯ ಕಂತು 3ರಲ್ಲಿಯೇ ಇದೆ, ಮತ್ತು ಮೂರನೆಯ ಸೂತ್ರ ನಿಲ್ಲಿಸುವುದು ಕೊನೆಯ ಕಂತಿನ ಬಿಂದುವಿನಲ್ಲಿ. ನಾಲ್ಕು ಕಂತುಗಳಿಗೆ ಆ ಸೂತ್ರದ ಗುಣಕ 4.506112. ಆದ್ದರಿಂದ D ಎಂಬುದು 1,99,635.50ನ್ನು 4.506112ರಿಂದ ಭಾಗಿಸಿದಾಗ ಬರುವ ಸುಮಾರು 44,303 ರೂಪಾಯಿ.

‘ಇಂದಿನಿಂದ ಆರಂಭಿಸಿ’ ಎಂಬ ಮಾತನ್ನು ಕಂಡ ಕೂಡಲೇ ಆರಂಭದ ಕಂತಿನ ಸೂತ್ರವೇ ಬೇಕು ಎಂದು ಮೂರನೆಯ ಸೂತ್ರವನ್ನು 1.08ರಿಂದ ಗುಣಿಸಿಬಿಡುವವರಿದ್ದಾರೆ. ಹಾಗೆ ಗುಣಿಸುವುದರಲ್ಲಿ ತಪ್ಪಿಲ್ಲ, ಆದರೆ ಗುಣಿಸಿದೊಡನೆ ಮೇಲಿನ ಸಾಲು 4ರ ಬಿಂದುವಿಗೆ ಹೋಗಿ ನಿಲ್ಲುತ್ತದೆ. ಕೆಳಗಿನ ಸಾಲನ್ನೂ 4ಕ್ಕೆ ಒಯ್ದು 2,15,606ಕ್ಕೆ ಸಮ ಮಾಡಿದರೆ ಮತ್ತೆ 44,303 ಬರುತ್ತದೆ. ಅದನ್ನು ಮರೆತು 3ರಲ್ಲಿ ನಿಂತಿರುವ 1,99,635ಕ್ಕೆ ಸಮ ಮಾಡಿದರೆ 41,021 ಬರುತ್ತದೆ, ಅದು ತಪ್ಪು. ಬೇರೆ ಬೇರೆ ಬಿಂದುಗಳಲ್ಲಿ ನಿಂತಿರುವ ಎರಡು ಮೊತ್ತಗಳ ನಡುವೆ ಸಮ ಚಿಹ್ನೆಯನ್ನು ಹಾಕಿದ್ದೇ ಇಲ್ಲಿನ ದೋಷ.

ಕಂತುಗಳ ಸೂತ್ರಗಳಿಗೆ ಮಿತಿಗಳೂ ಇವೆ. ಮೊತ್ತಗಳು ಸಮಾನವಾಗಿರಬೇಕು, ಅಂತರ ಸಮಾನವಾಗಿರಬೇಕು, ಸಾಲಿನ ಉದ್ದಕ್ಕೂ ಬಡ್ಡಿಯ ದರ ಒಂದೇ ಆಗಿರಬೇಕು. ಮೊದಲನೆಯದು ಮುರಿದರೆ ಅನೇಕ ವೇಳೆ ಲೆಕ್ಕವನ್ನು ಒಡೆದು ಉಳಿಸಿಕೊಳ್ಳಬಹುದು. ನಮ್ಮ ಮೊದಲ ಲೆಕ್ಕದಲ್ಲಿ 6ರ ಬಿಂದುವಿನಲ್ಲಿ ಮಾತ್ರ 50,000ದ ಬದಲು 80,000 ಪಡೆಯಬೇಕು ಎಂದಿದ್ದರೆ, ಅದನ್ನು 50,000ದ ಐದು ಕಂತುಗಳು ಹಾಗೂ 6ರಲ್ಲಿ ಬರುವ 30,000ದ ಒಂದು ಒಂಟಿ ಮೊತ್ತ ಎಂದು ನೋಡಿದರೆ ಸಾಕು. ಆ 30,000ವನ್ನು ಆರು ಜಾಗ ಹಿಂದಕ್ಕೆ ತಂದರೆ 18,905 ಆಗುತ್ತದೆ, 1,58,477ಕ್ಕೆ ಅದನ್ನು ಕೂಡಿಸಿದರೆ 1,77,382. ಎರಡೂ ಮೊತ್ತಗಳು 0ಯಲ್ಲಿ ನಿಂತಿರುವುದರಿಂದಲೇ ಹೀಗೆ ಕೂಡಿಸಲು ಸಾಧ್ಯವಾಯಿತು. ಬಡ್ಡಿಯ ದರ ನಡುವೆ ಬದಲಾಗುವ ಲೆಕ್ಕದಲ್ಲಾದರೋ, ದರ ಬದಲಾಗುವ ಗುರುತಿನಲ್ಲಿ ಗೆರೆಯನ್ನು ಎರಡು ತುಂಡು ಮಾಡಿ, ಪ್ರತಿ ತುಂಡಿಗೂ ಅದರದೇ ದರವನ್ನು ಬಳಸಬೇಕು.

ಕೊನೆಯದಾಗಿ, ಗೆರೆಯ ಒಂದು ಜಾಗಕ್ಕೆ ಯಾವ ದರ ಎಂಬ ಪ್ರಶ್ನೆ. ನಾವು ಈವರೆಗೆ ಕಂತೂ ವರ್ಷಕ್ಕೊಮ್ಮೆ, ಬಡ್ಡಿ ಸೇರುವುದೂ ವರ್ಷಕ್ಕೊಮ್ಮೆ ಎಂಬ ಅನುಕೂಲದಲ್ಲಿದ್ದೆವು. ಅದೇ ಶೇಕಡಾ 8ರ ವಾರ್ಷಿಕ ದರವು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ ಎಂದು ಪ್ರಶ್ನೆ ಹೇಳಿದರೆ, ಮೂರು ತಿಂಗಳ ದರ ಶೇಕಡಾ 2 ಆಗುತ್ತದೆ. ಇಲ್ಲಿ ಹಲವರು r ಎಂಬುದಕ್ಕೆ 0.02, n ಎಂಬುದಕ್ಕೆ 20 ಹಾಕಿ, C ಮಾತ್ರ 50,000ವನ್ನೇ ಉಳಿಸುತ್ತಾರೆ. ಹಾಗೆ ಬರೆದ ಕೂಡಲೇ ಅವರ ಗೆರೆಯು ಮೂರು ತಿಂಗಳಿಗೊಂದರಂತೆ 50,000ದ ಇಪ್ಪತ್ತು ಕಂತುಗಳ ಗೆರೆಯಾಗಿಬಿಡುತ್ತದೆ. ಪ್ರಶ್ನೆಯಲ್ಲಿರುವುದು ಐದೇ ಕಂತುಗಳು. ಕಂತಿನ ಸೂತ್ರದಲ್ಲಿ r ಎಂಬುದು ಎರಡು ಕಂತುಗಳ ನಡುವಿನ ಜಾಗದ ದರವೇ ಆಗಿರಬೇಕು. ಕಂತುಗಳ ನಡುವೆ ಒಂದು ವರ್ಷವಿದೆ, ಆ ವರ್ಷದಲ್ಲಿ ಬಡ್ಡಿ ನಾಲ್ಕು ಸಲ ಸೇರುತ್ತದೆ, ಆದ್ದರಿಂದ 1.02ರ ನಾಲ್ಕನೆಯ ಘಾತವಾದ 1.08243216ರಿಂದ 1ನ್ನು ಕಳೆದು ಬರುವ 0.08243216 ಎಂಬುದೇ ಗೆರೆಯ ಒಂದು ಜಾಗದ ದರ. ಗೆರೆ, ಕಂತು, ಬಿಂದು ಯಾವುದೂ ಬದಲಾಗುವುದಿಲ್ಲ. ಈ ದರಕ್ಕೆ ಐದು ಕಂತುಗಳ ಗುಣಕ 3.967246, 3ರ ಬಿಂದುವಿನಲ್ಲಿನ ಮೌಲ್ಯ ಸುಮಾರು 1,98,362, ಮೂರು ಜಾಗ ಹಿಂದಕ್ಕೆ ತಂದರೆ 0ಯಲ್ಲಿ 1,56,407 ರೂಪಾಯಿ. ಹಿಂದಿನ ಉತ್ತರಕ್ಕಿಂತ ಇದು ಸುಮಾರು 2,070 ರೂಪಾಯಿ ಕಡಿಮೆ. ಬಡ್ಡಿ ಬೇಗ ಬೇಗ ಸೇರುವಾಗ ಅದೇ ಕಂತುಗಳಿಗೆ ಇಂದು ಇಡಬೇಕಾದ ಹಣ ತುಸು ಕಡಿಮೆಯಾಗಲೇಬೇಕು, ಆದ್ದರಿಂದ ಉತ್ತರವು 1,58,477ಕ್ಕಿಂತ ಹೆಚ್ಚು ಬಂದಿದ್ದರೆ ದರವನ್ನು ಬದಲಿಸುವಲ್ಲಿ ಎಲ್ಲೋ ತಪ್ಪಿದೆ ಎಂದು ಅಲ್ಲಿಯೇ ತಿಳಿಯಬಹುದಿತ್ತು.